ಹಾಜರಿ ಮಾಪನ: ಶಿಬಿರ ಮತ್ತು ಗೋಷ್ಠಿಗಳಲ್ಲಿ

ಶಿಬಿರ, ತರಬೇತಿ, ವಿಚಾರ ಸಂಕಿರಣಗಳಿಗೆ ಬಂದವರು ಎಷ್ಟರ ಮಟ್ಟಿಗೆ ಅದರಲ್ಲಿ ತೊಡಗಿಕೊಂಡರು ಎಂಬುದನ್ನು ಮೂರು ಬಗೆಯ ದಾಖಲೆಗಳಿಂದ ಅಂದಾಜು ಮಾಡುವ ಕ್ರಮವೇ ಹಾಜರಿ ಮಾಪನ. ನೋಂದಣಿ ಮೇಜಿನಲ್ಲಿ ಹೆಸರು ಬರೆಸಿದ ಸಮಯ ಮೊದಲನೆಯದು. ಪ್ರತಿ ಗೋಷ್ಠಿಯಲ್ಲಿ ಯಾರಿದ್ದರು ಎಂಬುದು ಎರಡನೆಯದು. ಒಂದು ಗೋಷ್ಠಿಯಲ್ಲಿದ್ದವರಲ್ಲಿ ಎಷ್ಟು ಮಂದಿ ಮುಂದಿನದಕ್ಕೂ ಉಳಿದರು, ಎಷ್ಟು ಮಂದಿ ನಡುವೆ ಎದ್ದುಹೋದರು ಎಂಬುದು ಮೂರನೆಯದು. ದೊಡ್ಡ ಸಮ್ಮೇಳನಗಳಲ್ಲಿ ಇದಕ್ಕೆ ಬ್ಯಾಡ್ಜು, ಕ್ಯೂಆರ್ ಕೋಡು, ತಂತ್ರಾಂಶಗಳಿರುತ್ತವೆ. ತಾಲ್ಲೂಕು ಮಟ್ಟದಲ್ಲಿ ಹಾಜರಿ ಪುಸ್ತಕ, ಪೆನ್ನು ಮತ್ತು ಬಾಗಿಲ ಬಳಿ ನಿಂತು ಎಣಿಸುವ ಇಬ್ಬರು ಸಾಕು. ಸಾಧನ ಯಾವುದಾದರೂ ಲೆಕ್ಕ ಒಂದೇ, ಅದು ತಪ್ಪುವ ಜಾಗಗಳೂ ಹೆಚ್ಚುಕಡಿಮೆ ಒಂದೇ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಈ ವಿಷಯದ ಅಧ್ಯಯನಕ್ಕೆ ಒಳ್ಳೆಯ ನೆಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ದಶಕಗಳಿಂದ ಹಲವು ದಿನಗಳ ವಸತಿ ಶಿಬಿರಗಳನ್ನು ನಡೆಸುತ್ತಾ ಬಂದಿದೆ. ಅದೇ ತಾಲ್ಲೂಕಿನ ಆನಂದಪುರದ ಬಳಿಯ ಇರುವಕ್ಕಿಯಲ್ಲಿ, 2012ರಲ್ಲಿ ಸ್ಥಾಪನೆಯಾಗಿ ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣವಿದೆ. ಒಂದು ಕಡೆ ರಾತ್ರಿ ಅಲ್ಲೇ ಉಳಿಯುವ ಶಿಬಿರಾರ್ಥಿಗಳು. ಇನ್ನೊಂದು ಕಡೆ ಬೆಳಿಗ್ಗೆ ಬಂದು ಸಂಜೆಗೆ ಮನೆ ಸೇರಲೇಬೇಕಾದ ಕೃಷಿಕರು. ಎರಡೂ ಕಡೆ ಹಾಜರಿ ಇಳಿಯುತ್ತದೆ, ಆದರೆ ಇಳಿಯುವ ಕಾರಣ ಬೇರೆ, ಅದನ್ನು ಓದುವ ಬಗೆಯೂ ಬೇರೆ.

ನೋಂದಣಿ ಸಮಯ ಹೇಳುವುದು ಏನನ್ನು

ನೋಂದಣಿ ಪುಸ್ತಕದಲ್ಲಿರುವ ಸಮಯ ಜನ ಬಂದ ಸಮಯವಲ್ಲ, ಮೇಜಿನವರು ಅವರ ಹೆಸರು ಬರೆದುಕೊಂಡ ಸಮಯ. ಇವೆರಡರ ನಡುವೆ ಸರದಿ ಸಾಲು ನಿಂತಿರುತ್ತದೆ. ಇದನ್ನು ಮರೆತರೆ ಮೊದಲ ಹೆಜ್ಜೆಯಲ್ಲೇ ಲೆಕ್ಕ ತಪ್ಪುತ್ತದೆ.

ಒಬ್ಬರ ಹೆಸರು, ಊರು, ದೂರವಾಣಿ ಸಂಖ್ಯೆ ಬರೆದುಕೊಂಡು, ಚೀಲ ಮತ್ತು ಊಟದ ಕೂಪನ್ ಕೊಡಲು 40 ಸೆಕೆಂಡು ಬೇಕು ಎಂದುಕೊಳ್ಳೋಣ. ಒಂದು ಮೇಜಿನಲ್ಲಿ ಗಂಟೆಗೆ 90 ಜನರಷ್ಟೇ ಮುಗಿಯುತ್ತಾರೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಮೇಜು ತೆರೆದು ಹತ್ತಕ್ಕೆ ಕಾರ್ಯಕ್ರಮ ಶುರುವಾದರೆ, ಆ ಹೊತ್ತಿಗೆ 67 ಜನರ ಹೆಸರು ಮಾತ್ರ ಪುಸ್ತಕದಲ್ಲಿರುತ್ತದೆ. ಉಳಿದವರು ಅಂಗಳದಲ್ಲಿ ನಿಂತಿದ್ದರೂ ದಾಖಲೆಯ ಪ್ರಕಾರ ತಡವಾಗಿ ಬಂದವರು. ವರದಿಯಲ್ಲಿ ‘ರೈತರು ಸಮಯಪಾಲನೆ ಮಾಡಲಿಲ್ಲ’ ಎಂದು ಬರೆದರೆ ಅದು ಅನ್ಯಾಯ. ತಡ ಮಾಡಿದ್ದು ಮೇಜು.

ಇದನ್ನು ಪತ್ತೆಹಚ್ಚುವುದು ಸುಲಭ. ಒಂದರ ಹಿಂದೊಂದು ಬಂದ ಹೆಸರುಗಳ ನಡುವಿನ ಅಂತರವನ್ನು ನೋಡಬೇಕು. ಜನ ತಮ್ಮಷ್ಟಕ್ಕೆ ಬರುತ್ತಿದ್ದರೆ ಅಂತರ ಏರುಪೇರಾಗಿರುತ್ತದೆ: ಇಬ್ಬರು ಒಟ್ಟಿಗೆ, ಆಮೇಲೆ ಐದು ನಿಮಿಷ ಯಾರೂ ಇಲ್ಲ, ಮತ್ತೆ ನಾಲ್ವರು. ಅಂತರವೆಲ್ಲ ಒಂದೇ ಸಮನಾಗಿ 35ರಿಂದ 45 ಸೆಕೆಂಡು ಇದ್ದರೆ ಆ ಹೊತ್ತಿನುದ್ದಕ್ಕೂ ಸಾಲು ಇತ್ತೆಂದೇ ಅರ್ಥ. ಆ ಭಾಗದ ಸಮಯಗಳಿಂದ ಜನರ ಉತ್ಸಾಹವನ್ನು ಅಳೆಯಲಾಗದು, ಮೇಜಿನ ವೇಗವನ್ನಷ್ಟೇ ಅಳೆಯಬಹುದು.

ಆನಂದಪುರದಂಥ ಕಡೆ ಇನ್ನೊಂದು ಆಕಾರವೂ ಕಾಣುತ್ತದೆ. ಊರು ಶಿವಮೊಗ್ಗ–ಸಾಗರ ಹೆದ್ದಾರಿಯ ಮೇಲಿದೆ, ಬೀರೂರು–ತಾಳಗುಪ್ಪ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ, ಶಿಕಾರಿಪುರದ ಕಡೆಗೂ ರಿಪ್ಪನ್‌ಪೇಟೆಯ ಮೂಲಕ ಹೊಸನಗರದ ಕಡೆಗೂ ರಸ್ತೆಗಳು ಇಲ್ಲಿಂದ ಕವಲೊಡೆಯುತ್ತವೆ. ಹೀಗಾಗಿ ಜನ ಬಿಡಿಬಿಡಿಯಾಗಿ ಬರುವುದಕ್ಕಿಂತ ಗುಂಪಾಗಿ ಬಂದಿಳಿಯುವುದು ಹೆಚ್ಚು. ಒಂದು ಬಸ್ಸು ಬಂದರೆ ಹತ್ತು ಹೆಸರು, ಮುಂದಿನ ಬಸ್ಸಿನವರೆಗೆ ಖಾಲಿ. ಬಸ್ಸಿನ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇಂಥ ನೋಂದಣಿಯನ್ನು ಓದಬಾರದು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಹೊರಡುವ ಮನೆಗಳಿಂದ ಒಂಬತ್ತಕ್ಕೆ ಬರುವವರು ಕಡಿಮೆ ಎಂಬುದೂ ನೆನಪಿರಬೇಕು.

ಬೇಗ ಬಂದವರೆಲ್ಲ ಹೆಚ್ಚು ಆಸಕ್ತರು ಎನ್ನುವ ಊಹೆ ಇದರಿಂದಲೇ ಸಡಿಲವಾಗುತ್ತದೆ. ಒಂದೇ ಊರಿನಿಂದ, ಒಂದೇ ಬಗೆಯ ವಾಹನದಲ್ಲಿ ಬಂದವರ ನಡುವೆ ಹೋಲಿಸಿದರೆ ಮಾತ್ರ ನೋಂದಣಿ ಸಮಯ ಏನಾದರೂ ಹೇಳೀತು.

ತಲೆ ಎಣಿಕೆ ಮತ್ತು ಹೆಸರಿನ ಹಾಜರಿ

ಗೋಷ್ಠಿಯ ಹಾಜರಿಯನ್ನು ಪಡೆಯುವ ದಾರಿಗಳು ಎರಡು. ಸಭಾಂಗಣದಲ್ಲಿ ಕುಳಿತವರ ತಲೆ ಎಣಿಸುವುದು ಒಂದು. ಹೆಸರು ಹೆಸರಾಗಿ ಯಾರಿದ್ದರು ಎಂದು ಗುರುತು ಮಾಡುವುದು ಇನ್ನೊಂದು. ತಲೆ ಎಣಿಕೆ ಅಗ್ಗ, ಬೇಗ ಆಗುತ್ತದೆ, ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. ಗೋಷ್ಠಿಯ ನಡುಹೊತ್ತಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಿದರೆ ಸಾಕು. ಆರಂಭದಲ್ಲಿ ಎಣಿಸಿದರೆ ತಡವಾಗಿ ಬರುವವರು ತಪ್ಪುತ್ತಾರೆ, ಕೊನೆಯಲ್ಲಿ ಎಣಿಸಿದರೆ ಚಹಾದ ಕಡೆಗೆ ಸರಿದವರು ತಪ್ಪುತ್ತಾರೆ. ಆದರೆ ತಲೆ ಎಣಿಕೆಗೆ ಒಂದು ದೊಡ್ಡ ಕುರುಡಿದೆ: ಹೋದವರ ಜಾಗದಲ್ಲಿ ಹೊಸಬರು ಬಂದು ಕೂತರೆ ಅದಕ್ಕೆ ತಿಳಿಯುವುದೇ ಇಲ್ಲ.

ಹೆಸರಿನ ಹಾಜರಿ ಈ ಕುರುಡನ್ನು ನೀಗಿಸುತ್ತದೆ, ಆದರೆ ತನ್ನದೇ ರೋಗಗಳನ್ನು ತರುತ್ತದೆ. ಸಹಿ ಪುಸ್ತಕವಾದರೆ ಬೆಳಿಗ್ಗೆಯೇ ಮಧ್ಯಾಹ್ನದ ಕಲಮಿಗೂ ಸಹಿ ಹಾಕಿ ಹೋಗುವವರಿದ್ದಾರೆ, ಜೊತೆಗಾರರ ಪರವಾಗಿ ಹಾಕುವವರೂ ಇದ್ದಾರೆ. ಒಂದೇ ಶಾಯಿಯಲ್ಲಿ, ಒಂದೇ ಒತ್ತಿನಲ್ಲಿ ಅಕ್ಕಪಕ್ಕದ ಕಲಮುಗಳು ತುಂಬಿದ್ದರೆ ಸಂಶಯಪಡಬೇಕು. ಪ್ರತಿ ಗೋಷ್ಠಿಗೂ ಬೇರೆ ಹಾಳೆ ಇಟ್ಟರೆ ಈ ತೊಂದರೆ ಅರ್ಧಕ್ಕರ್ಧ ಹೋಗುತ್ತದೆ. ಮೊಬೈಲಿನಲ್ಲಿ ಬ್ಯಾಡ್ಜಿನ ಕೋಡನ್ನು ಓದಿಸುವಾಗ ಒಳಗೆ ಬರುವವರನ್ನು ಹಿಡಿಯುವುದು ಸುಲಭ, ಹೊರಗೆ ಹೋಗುವವರನ್ನು ಹಿಡಿಯುವುದು ಕಷ್ಟ. ಹೋಗುವವರು ಬಾಗಿಲಲ್ಲಿ ನಿಲ್ಲುವುದಿಲ್ಲ.

ಮಲೆನಾಡಿನಲ್ಲಿ ನೆಟ್‌ವರ್ಕ್ ಕೈಕೊಡುವುದು ಇನ್ನೊಂದು ಸಂಗತಿ. ಕೆಲವು ಆ್ಯಪ್‌ಗಳು ಕೋಡು ಓದಿದ ಸಮಯವನ್ನು ದಾಖಲಿಸದೆ, ದತ್ತಾಂಶ ಸರ್ವರಿಗೆ ತಲುಪಿದ ಸಮಯವನ್ನು ದಾಖಲಿಸುತ್ತವೆ. ಆಗ ಬೆಳಿಗ್ಗೆ ಹತ್ತಕ್ಕೆ ಒಳಬಂದ ಐವತ್ತು ಜನ ಮಧ್ಯಾಹ್ನ ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ಒಟ್ಟಿಗೆ ಬಂದಂತೆ ಕಾಣುತ್ತಾರೆ. ಒಂದೇ ನಿಮಿಷದಲ್ಲಿ ಒಂದು ಬಾಗಿಲಿನಿಂದ ಹತ್ತಿಪ್ಪತ್ತಕ್ಕಿಂತ ಹೆಚ್ಚು ದಾಖಲೆಗಳಿದ್ದರೆ ಆ ಸಮಯವನ್ನು ನಂಬಬಾರದು. ಓದಿದ ಸಮಯ, ತಲುಪಿದ ಸಮಯ ಎಂದು ಎರಡು ಕಲಮು ಇರುವಂತೆ ಮೊದಲೇ ನೋಡಿಕೊಳ್ಳುವುದೇ ಇದಕ್ಕೆ ಪರಿಹಾರ.

ಒಂದು ದಿನದ ಲೆಕ್ಕ

ಲೆಕ್ಕದ ಕ್ರಮವನ್ನು ವಿವರಿಸಲು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಸಂಖ್ಯೆಗಳು ಕಲ್ಪಿತ, ಸನ್ನಿವೇಶ ಈ ಭಾಗದವರಿಗೆಲ್ಲ ಗೊತ್ತಿರುವುದು. ಅಡಿಕೆಯ ಎಲೆಚುಕ್ಕಿ ರೋಗ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಕಾಡುತ್ತಿದೆ. ಅದರ ಬಗ್ಗೆ ಆನಂದಪುರದಲ್ಲಿ ಒಂದು ದಿನದ ತರಬೇತಿ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಎರಡು ಗೋಷ್ಠಿ: ರೋಗದ ಲಕ್ಷಣ, ಮತ್ತು ಔಷಧ ಸಿಂಪಡಣೆ. ಊಟದ ನಂತರ ಎರಡು: ತೋಟದ ಗೊಬ್ಬರ–ಬಸಿಗಾಲುವೆ ನಿರ್ವಹಣೆ, ಮತ್ತು ಪ್ರಶ್ನೋತ್ತರ. ಮೊದಲೇ ಹೆಸರು ಕೊಟ್ಟವರು 120, ಅಂದು ಬಂದು ನೋಂದಾಯಿಸಿದವರು 96.

ನಾಲ್ಕು ಗೋಷ್ಠಿಗಳ ತಲೆ ಎಣಿಕೆ ಕ್ರಮವಾಗಿ 77, 84, 61, 57. ಇಷ್ಟನ್ನೇ ನೋಡಿದವರು ಬರೆಯುವ ವರದಿ ಹೀಗಿರುತ್ತದೆ: ಬೆಳಿಗ್ಗೆ ಆಸಕ್ತಿ ಏರಿತು, ಊಟದ ಮೇಲೆ 23 ಜನ ಕಡಿಮೆಯಾದರು, ಕೊನೆಯ ಗೋಷ್ಠಿಯಲ್ಲಿ ಹೆಚ್ಚೇನೂ ನಷ್ಟವಾಗಲಿಲ್ಲ. ಹೆಸರಿನ ಹಾಜರಿಯನ್ನು ತೆರೆದರೆ ಈ ಮೂರೂ ಮಾತು ಅಲುಗಾಡುತ್ತವೆ.

ಮೊದಲ ಗೋಷ್ಠಿಯಲ್ಲಿದ್ದ 77 ಜನರಲ್ಲಿ ಎರಡನೆಯದಕ್ಕೆ ಉಳಿದವರು 72. ಐವರು ಎದ್ದುಹೋಗಿದ್ದಾರೆ. ಎಣಿಕೆ ಏರಿದ್ದು ತಡವಾಗಿ ಬಂದ 12 ಜನರಿಂದ. ಎರಡನೆಯ ಗೋಷ್ಠಿಯ 84 ಜನರಲ್ಲಿ ಊಟದ ನಂತರ ಮೂರನೆಯದಕ್ಕೆ ಬಂದವರು 54 ಮಾತ್ರ. ಅಂದರೆ ಹೋದವರು 23 ಅಲ್ಲ, 30. ಮೂರನೆಯ ಗೋಷ್ಠಿಯಲ್ಲಿ ಕಂಡ ಇನ್ನೇಳು ಜನರಲ್ಲಿ ಐವರು ಅಲ್ಲಿಯವರೆಗೆ ಯಾವ ಗೋಷ್ಠಿಗೂ ಬಾರದವರು, ಇಬ್ಬರು ಬೆಳಿಗ್ಗೆ ಒಂದನ್ನು ಬಿಟ್ಟು ಮರಳಿದವರು. ಕೊನೆಯ ಗೋಷ್ಠಿಗೆ ಎಣಿಕೆ ನಾಲ್ಕೇ ಇಳಿದಂತೆ ಕಂಡರೂ, ನಿಜಕ್ಕೂ ಎದ್ದುಹೋದವರು ಎಂಟು ಜನ. ಊಟದ ನಂತರ ಎಲ್ಲೋ ಹೋಗಿದ್ದ ನಾಲ್ವರು ಪ್ರಶ್ನೋತ್ತರಕ್ಕೆಂದೇ ವಾಪಸು ಬಂದಿದ್ದಾರೆ. ನಾಲ್ಕೂ ಗೋಷ್ಠಿಗಳಲ್ಲಿ ಕುಳಿತವರು 38, ನೋಂದಾಯಿಸಿದವರಲ್ಲಿ ಶೇ. 40. ಇಬ್ಬರು ಚೀಲ ತೆಗೆದುಕೊಂಡು ಒಂದು ಗೋಷ್ಠಿಗೂ ಬಂದಿಲ್ಲ.

ಎರಡು ಗೋಷ್ಠಿಗಳ ನಡುವಿನ ಉಳಿಕೆಯನ್ನು ಹಿಡಿಯುವ ಸರಿಯಾದ ಸೂತ್ರ ಇದು: ಎರಡರಲ್ಲೂ ಇದ್ದವರನ್ನು ಮೊದಲನೆಯದರಲ್ಲಿದ್ದವರಿಂದ ಭಾಗಿಸುವುದು. ಊಟದ ಹೊತ್ತಿಗೆ ಅದು 54/84, ಅಂದರೆ ಶೇ. 64. ತಲೆ ಎಣಿಕೆಗಳನ್ನೇ ಭಾಗಿಸಿದ್ದರೆ 61/84, ಶೇ. 73 ಬರುತ್ತಿತ್ತು. ಒಬ್ಬರಿಗೆ ಒಂದು ಸಾಲಿನಂತೆ, ಗೋಷ್ಠಿಗೊಂದು ಕಲಮಿನಂತೆ, ಬಂದಿದ್ದರೆ 1, ಇಲ್ಲದಿದ್ದರೆ 0 ಎಂದು ತುಂಬಿದ ಸ್ಪ್ರೆಡ್‌ಶೀಟಿನಲ್ಲಿ ಎರಡನೆಯ ಗೋಷ್ಠಿ E ಕಲಮಿನಲ್ಲೂ ಮೂರನೆಯದು F ಕಲಮಿನಲ್ಲೂ ಇದ್ದರೆ ಇಷ್ಟು ಬರೆದರೆ ಆಯಿತು:

```
=COUNTIFS(E2:E97,1,F2:F97,1)/COUNTIF(E2:E97,1)
```

ಇನ್ನು ಹೋದ 30 ಜನ. ಇವರಲ್ಲಿ ನಾಲ್ವರು ಕೊನೆಯ ಗೋಷ್ಠಿಗೆ ಮರಳಿದವರು, 26 ಜನ ಹೋದವರು ಹೋದರೇ. ಮರಳಿದವರನ್ನೂ ಬಿಟ್ಟುಹೋದವರನ್ನೂ ಒಂದೇ ಗುಂಪಿಗೆ ಹಾಕುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಆ ನಾಲ್ವರು ಆಯ್ಕೆ ಮಾಡಿ ಕೇಳಿದವರು. ತಮ್ಮ ಪ್ರಶ್ನೆ ಇಟ್ಟುಕೊಂಡು ಬಂದವರು. ನನ್ನ ದೃಷ್ಟಿಯಲ್ಲಿ ನಾಲ್ಕೂ ಗೋಷ್ಠಿಯಲ್ಲಿ ಸುಮ್ಮನೆ ಕುಳಿತವರಿಗಿಂತ ಇವರ ತೊಡಗಿಕೊಳ್ಳುವಿಕೆ ಕಡಿಮೆ ಎನ್ನಲು ಆಧಾರವಿಲ್ಲ.

26 ಜನ ಏಕೆ ಹೋದರು? ಗೊಬ್ಬರ–ಬಸಿಗಾಲುವೆಯ ವಿಷಯ ಬೇಡವಾಯಿತೆ? ಇದಕ್ಕೆ ಉತ್ತರ ಸಿಗಬೇಕಾದರೆ ನೋಂದಣಿಯಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಇರಬೇಕಿತ್ತು: ಹೇಗೆ ಬಂದಿರಿ, ಬಸ್ಸೋ ಸ್ವಂತ ವಾಹನವೋ? ಉದಾಹರಣೆಯಲ್ಲಿ ಅದು ಇದೆ ಎಂದುಕೊಳ್ಳೋಣ. ಎರಡನೆಯ ಗೋಷ್ಠಿಯ 84 ಜನರಲ್ಲಿ 40 ಜನ ಬಸ್ಸಿನಲ್ಲಿ ಬಂದವರು, ಅವರಲ್ಲಿ 19 ಜನ ಹೋದರು. ಉಳಿದ 44 ಜನ ಬೈಕು, ಕಾರು, ಜೀಪಿನವರು, ಅವರಲ್ಲಿ ಹೋದವರು ಏಳೇ. ಬಸ್ಸಿನವರಲ್ಲಿ ಅರ್ಧದ ಹತ್ತಿರ, ವಾಹನದವರಲ್ಲಿ ಆರರಲ್ಲಿ ಒಬ್ಬರು. ಇಬ್ಬರೂ ಕೇಳಿದ ಉಪನ್ಯಾಸ ಒಂದೇ, ಮುಂದಿದ್ದ ವಿಷಯವೂ ಒಂದೇ. ಆದ್ದರಿಂದ ಇಳಿಕೆಯ ಹೆಚ್ಚಿನ ಪಾಲನ್ನು ಉಪನ್ಯಾಸಕರ ಲೆಕ್ಕಕ್ಕೆ ಬರೆಯಬಾರದು. ಹೊಸನಗರದಾಚೆಯ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಸಂಜೆ ಹಾಲು ಕರೆಯುವ ಹೊತ್ತೂ ಮೀರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. 40 ಜನರಲ್ಲಿ 19 ಎನ್ನುವಂಥ ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕದ ಪಾಲು ದೊಡ್ಡದು. ನಿಜವಾದ ಪ್ರಮಾಣ ಶೇ. 48ರಿಂದ ಹದಿನೈದು ಅಂಶ ಆಚೀಚೆ ಇರಬಹುದು. ಬಸ್ಸಿನವರ ಮತ್ತು ವಾಹನದವರ ನಡುವಿನ ಅಂತರ ಅದನ್ನೂ ಮೀರಿದೆಯಾದ್ದರಿಂದ ಇಲ್ಲಿ ತೀರ್ಮಾನ ನಿಲ್ಲುತ್ತದೆ. ಅಂತರ ಐದಾರು ಅಂಶ ಮಾತ್ರ ಇದ್ದಿದ್ದರೆ ಏನನ್ನೂ ಹೇಳುವಂತಿರಲಿಲ್ಲ. ಬಸ್ಸಿನವರು ದೂರದವರೂ ಹಿರಿಯರೂ ಆಗಿರುವ ಸಾಧ್ಯತೆಯೂ ಇದೆ. ಎರಡು ಗುಂಪುಗಳ ನಡುವೆ ವಾಹನವೊಂದೇ ವ್ಯತ್ಯಾಸವೆಂದು ಭಾವಿಸಬಾರದು. ಮುಂದಿನ ತರಬೇತಿಯಲ್ಲಿ ಗೋಷ್ಠಿಗಳ ಕ್ರಮವನ್ನು ಅದಲುಬದಲು ಮಾಡಿ, ಗೊಬ್ಬರದ ವಿಷಯವನ್ನು ಬೆಳಿಗ್ಗೆಗೆ ತಂದು, ಅದೇ ಲೆಕ್ಕವನ್ನು ಮತ್ತೆ ಮಾಡಿದರೆ ವಿಷಯದ ಪಾಲೆಷ್ಟು, ಹೊತ್ತಿನ ಪಾಲೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣತೊಡಗುತ್ತದೆ.

ಋತುವೂ ಲೆಕ್ಕಕ್ಕೆ ಬರುತ್ತದೆ. ಮಳೆ ಹಿಡಿಯುವ ಮುಂಚಿನ ಬೋರ್ಡೋ ಸಿಂಪಡಣೆಯ ದಿನಗಳಲ್ಲಿ, ಕೊನೆಕೊಯ್ಲು ಶುರುವಾಗಿ ಮನೆಯಲ್ಲಿ ಅಡಿಕೆ ಸುಲಿಯುವ, ಬೇಯಿಸುವ ತಿಂಗಳುಗಳಲ್ಲಿ ನಡೆಸಿದ ತರಬೇತಿಯ ಹಾಜರಿಯನ್ನು ಬಿಡುವಿನ ತಿಂಗಳಿನದಕ್ಕೆ ಹೋಲಿಸುವುದು ಸಲ್ಲದು.

ವಸತಿ ಶಿಬಿರ

ಹೆಗ್ಗೋಡಿನ ನೀನಾಸಮ್ ಶಿಬಿರಗಳಲ್ಲಿ ಬಸ್ಸಿನ ಪ್ರಶ್ನೆ ಏಳುವುದು ಬಂದ ದಿನ ಮತ್ತು ಹೊರಡುವ ದಿನ ಮಾತ್ರ. ಚಲನಚಿತ್ರ ರಸಗ್ರಹಣದಿಂದ ಬೆಳೆದು ಬಂದು, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರದಲ್ಲಿ ಹಗಲು ಉಪನ್ಯಾಸ, ಚರ್ಚೆ. ಸಂಜೆ ನಾಟಕ. ಉಣ್ಣುವುದು ಉಳಿಯುವುದೆಲ್ಲ ಅಲ್ಲೇ. ಇಂಥ ಕಡೆ ಹಾಜರಿ ಮಾಪನದ ಎರಡು ಬೇರೆ ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಛೇದದ್ದು. ಸಂಜೆಯ ನಾಟಕಕ್ಕೆ ಶಿಬಿರಾರ್ಥಿಗಳಲ್ಲದೆ ಸುತ್ತಲಿನ ಊರುಗಳ ಜನರೂ ಬರುತ್ತಾರೆ. ರಂಗಮಂದಿರದ ಎಣಿಕೆಯನ್ನು ಹಗಲಿನ ಗೋಷ್ಠಿಯ ಎಣಿಕೆಯ ಪಕ್ಕದಲ್ಲಿಟ್ಟರೆ ಶಿಬಿರಾರ್ಥಿಗಳು ಸಂಜೆಗೆ ಇಮ್ಮಡಿಯಾದಂತೆ ಕಾಣಬಹುದು. ಶಿಬಿರಾರ್ಥಿಗಳ ಹಾಜರಿಗೂ ಊರವರ ಹಾಜರಿಗೂ ಬೇರೆ ಬೇರೆ ಕಲಮು ಬೇಕು. ಎರಡೂ ಮುಖ್ಯ, ಆದರೆ ಎರಡೂ ಉತ್ತರಿಸುವ ಪ್ರಶ್ನೆ ಬೇರೆ.

ಎರಡನೆಯದು ಇನ್ನೂ ಸೂಕ್ಷ್ಮ. ಹಲವು ದಿನಗಳ ಶಿಬಿರದಲ್ಲಿ ಒಂದು ಗೋಷ್ಠಿಗೆ ಬಾರದವರು ಶಿಬಿರದಿಂದ ಹೊರಗೆ ಹೋದವರಲ್ಲ. ಹಿಂದಿನ ಗೋಷ್ಠಿಯ ವಿಷಯವನ್ನೇ ಹಿಡಿದು ಅಂಗಳದಲ್ಲಿ ಮಾತಾಡುತ್ತಾ ನಿಂತಿರಬಹುದು. ಬಾಗಿಲ ಎಣಿಕೆ ಇದನ್ನು ನಷ್ಟ ಎಂದು ಬರೆಯುತ್ತದೆ. ಆದ್ದರಿಂದ ವಸತಿ ಶಿಬಿರಗಳಲ್ಲಿ ಗೋಷ್ಠಿಯಿಂದ ಗೋಷ್ಠಿಗೆ ಲೆಕ್ಕ ಹಾಕುವುದಕ್ಕಿಂತ ದಿನದಿಂದ ದಿನಕ್ಕೆ ಹಾಕುವುದು ಮೇಲು: ಒಂದು ದಿನದಲ್ಲಿ ಯಾವುದಾದರೂ ಒಂದು ಗೋಷ್ಠಿಯಲ್ಲಿ ಕಂಡವರು ಅಂದು ಇದ್ದವರು ಎಂದು ಹಿಡಿದು, ಕೊನೆಯ ಬಾರಿ ಕಂಡ ದಿನವನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆಯುವುದು. ಮೂರನೆಯ ದಿನಕ್ಕೆ ಹೊರಡುತ್ತೇನೆಂದು ಮೊದಲೇ ತಿಳಿಸಿ ಬಂದವರನ್ನು ಬಿಟ್ಟುಹೋದವರ ಪಟ್ಟಿಗೆ ಸೇರಿಸದೆ, ಅವರು ಇದ್ದಷ್ಟು ದಿನ ಛೇದದಲ್ಲಿಟ್ಟು ಆಮೇಲೆ ತೆಗೆಯಬೇಕು. ವೈದ್ಯಕೀಯ ಸಂಖ್ಯಾಶಾಸ್ತ್ರದಲ್ಲಿ ರೋಗಿಗಳ ಬದುಕುಳಿಕೆಯನ್ನು ಲೆಕ್ಕ ಹಾಕಲು ಕ್ಯಾಪ್ಲಾನ್ ಮತ್ತು ಮೈಯರ್ 1958ರಲ್ಲಿ ಕೊಟ್ಟ ವಿಧಾನದ ತಿರುಳು ಇದೇ.

ಪ್ರಮಾಣಪತ್ರದ ಸೆಳೆತ

ಹಾಜರಿಗೆ ಪ್ರತಿಫಲ ಜೋಡಿಸಿದ ಕೂಡಲೇ ಅಳತೆಯ ಅರ್ಥ ಬದಲಾಗುತ್ತದೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಹೋಗುವ ಸರ್ಕಾರಿ ನೌಕರರಿಗೆ ಅನ್ಯಕಾರ್ಯ ನಿಮಿತ್ತ ರಜೆಯ ಸೌಲಭ್ಯ ಸಿಗುತ್ತದೆ, ಎಲ್ಲರ ಬಾಯಲ್ಲೂ ಅದು ಓಓಡಿ. ಕಚೇರಿಗೆ ತೋರಿಸಲು ಹಾಜರಾತಿ ಪ್ರಮಾಣಪತ್ರ ಬೇಕು. ಶಿವಮೊಗ್ಗದಲ್ಲಿ 2006ರಲ್ಲಿ ನಡೆದ 73ನೆಯ ಸಮ್ಮೇಳನವಾಗಲಿ, ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ 87ನೆಯದಾಗಲಿ, ಇಂಥ ಸಮ್ಮೇಳನದ ನೋಂದಣಿ ಸಂಖ್ಯೆಯಿಂದ ಗೋಷ್ಠಿಯ ಕೇಳುಗರನ್ನು ಊಹಿಸಲಾಗದು. ಪ್ರಮಾಣಪತ್ರ ಕೊಡುವ ಹೊತ್ತಿನಲ್ಲಿ ಹಾಜರಿ ಏರುತ್ತದೆ, ಅದು ಆ ಹೊತ್ತಿನ ಗೋಷ್ಠಿಗೆ ಸಂದ ಮೆಚ್ಚುಗೆಯಲ್ಲ. ಪ್ರಧಾನ ವೇದಿಕೆಯಿಂದ ಎದ್ದವರು ಸಮಾನಾಂತರ ವೇದಿಕೆಗೋ ಪುಸ್ತಕ ಮಳಿಗೆಗಳಿಗೋ ಹೋಗಿರುವುದೂ ಸಾಮಾನ್ಯ. ಒಂದೇ ವೇದಿಕೆಯ ಬಾಗಿಲಲ್ಲಿ ನಿಂತು ಎಣಿಸಿದವರಿಗೆ ಇವರೆಲ್ಲ ಬಿಟ್ಟುಹೋದವರಂತೆ ಕಾಣುತ್ತಾರೆ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಕಡ್ಡಾಯವಾದ ಮೊಬೈಲ್ ಹಾಜರಿಯೂ ಇದೇ ಪಾಠವನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. ದಿನಕ್ಕೆ ಎರಡು ಬಾರಿ ಸಮಯ ಮತ್ತು ಸ್ಥಳದ ಗುರುತಿರುವ ಫೋಟೊ ತೆಗೆದು ಕಳಿಸುವುದು ಅದರ ಕ್ರಮ. ಎರಡು ಬಿಂದುಗಳಲ್ಲಿ ಇದ್ದರು ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ನಡುವಿನದು ಊಹೆ. ಸಿಗ್ನಲ್ ಇಲ್ಲದ ಕಡೆ ಫೋಟೊ ಹೋಗದಿದ್ದರೆ ದುಡಿದವರ ಕೂಲಿಗೇ ಕುತ್ತು. ತರಬೇತಿಯ ಹಾಜರಿ ತಪ್ಪಿದರೆ ವರದಿ ಕೆಡುತ್ತದೆ, ಇಲ್ಲಿ ತಪ್ಪಿದರೆ ಒಂದು ಮನೆಯ ಒಲೆ ಕೆಡುತ್ತದೆ. ಆದ್ದರಿಂದ ಹಾಜರಿಯನ್ನು ಹಣಕ್ಕೆ ಕಟ್ಟುವ ಮುನ್ನ ಆ ಸಾಧನ ಅದೇ ಜಾಗದಲ್ಲಿ, ಮಳೆಗಾಲದಲ್ಲಿ, ಎಷ್ಟು ಬಾರಿ ತಪ್ಪುತ್ತದೆ ಎಂಬುದನ್ನು ಅಳೆದಿರಬೇಕು.

ಮಾಪನದ ಹೊರಗುಳಿಯುವುದು

ಕುಳಿತವರು ಕೇಳುತ್ತಿದ್ದರೇ ಎಂಬುದು ಈ ಯಾವ ಲೆಕ್ಕದಿಂದಲೂ ತಿಳಿಯುವುದಿಲ್ಲ. ಅದಕ್ಕೆ ಹಾಜರಿಯ ಪಕ್ಕದಲ್ಲಿ ಇನ್ನೊಂದು ಸಾಕ್ಷ್ಯ ಬೇಕು. ಎಲೆಚುಕ್ಕಿ ತರಬೇತಿಯಾದರೆ ಎರಡು ತಿಂಗಳ ಮೇಲೆ ಫೋನು ಮಾಡಿ, ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂದು ಕೇಳಬಹುದು. ಶೇ. 1ರ ದ್ರಾವಣಕ್ಕೆ ಎರಡೂ ಒಂದೊಂದು ಕಿಲೊ. ಆದರೆ ಹಿರಿಯ ಬೆಳೆಗಾರರಿಗೆ ಇದು ತರಬೇತಿಗೆ ಮೊದಲೇ ಗೊತ್ತಿರುವ ಸಂಗತಿ, ಹಾಗಾಗಿ ನೋಂದಣಿಯ ದಿನವೇ ಅದೇ ಪ್ರಶ್ನೆಯನ್ನು ಕೇಳಿಟ್ಟುಕೊಂಡಿರಬೇಕು. ನಾಲ್ಕೂ ಗೋಷ್ಠಿ ಕೇಳಿದವರಲ್ಲಿಯೂ ಊಟಕ್ಕೆ ಎದ್ದುಹೋದವರಲ್ಲಿಯೂ ಹೊಸದಾಗಿ ಕಲಿತವರ ಪ್ರಮಾಣ ಒಂದೇ ಆಗಿದ್ದರೆ, ಮಧ್ಯಾಹ್ನದ ಇಳಿಕೆಯಿಂದ ಸಿಂಪಡಣೆಯ ಕಲಿಕೆಗೆ ಪೆಟ್ಟು ಬಿದ್ದಿಲ್ಲ ಎಂದಾಯಿತು. ಅದನ್ನು ಬೆಳಿಗ್ಗೆಯೇ ಹೇಳಿ ಮುಗಿಸಿದ್ದರಲ್ಲ. ಮಧ್ಯಾಹ್ನದ ಬಸಿಗಾಲುವೆಯ ಪ್ರಶ್ನೆಗೆ ಉತ್ತರ ಕೊಡುವವರು ಎಷ್ಟು ಕಡಿಮೆಯಾದರು ಎಂಬುದರಲ್ಲಿ ಆ 26 ಜನರ ಗೈರುಹಾಜರಿಯ ನಿಜವಾದ ಬೆಲೆ ತಿಳಿಯುತ್ತದೆ.